ದುಡ್ಡು ಖಾತೆಯಿಂದ ಹೋಯಿತು, ಕಾರ್ಡಿಗೆ ಬರಲಿಲ್ಲ

ಕಾರ್ಡ್ ಬಿಲ್ 24,600. ಸ್ಟೇಟ್‌ಮೆಂಟ್ ಬಂದದ್ದು 3ನೇ ತಾರೀಖು, ಡ್ಯೂ ಡೇಟ್ 21. ಕಾರ್ಡ್‌ದಾರರು 19ರ ಬೆಳಿಗ್ಗೆಯೇ ಬೇರೆ ಬ್ಯಾಂಕಿನ ತಮ್ಮ ಖಾತೆಯಿಂದ ಪೂರ್ತಿ ಮೊತ್ತ ಕಳಿಸಿದರು. ಖಾತೆಯಿಂದ ಹಣ ಕಡಿತವಾದ ಮೆಸೇಜ್ ಬಂತು, ಆ್ಯಪಿನಲ್ಲಿ ಹಸಿರು ಗುರುತು ಬಿತ್ತು. 25ಕ್ಕೆ ಕಾರ್ಡ್ ಆ್ಯಪ್ ತೆರೆದು ನೋಡಿದರೆ ಬಾಕಿ 24,600 ಹಾಗೇ ಇದೆ, ಅದರ ಕೆಳಗೆ 700 ಲೇಟ್ ಫೀ ಕೂತಿದೆ. ಎರಡು ದಿನ ಮೊದಲೇ ಕಟ್ಟಿದವರಿಗೆ ದಂಡ ಬಿದ್ದರೆ ಹೊಟ್ಟೆ ಉರಿಯುವುದು ಸಹಜವೇ. ಆದರೆ ಸಿಟ್ಟಿನಲ್ಲಿ ಮಾಡುವ ಮೊದಲ ಫೋನ್ ಕರೆಯಿಂದ ಇಂಥ ಪ್ರಕರಣ ಬಗೆಹರಿಯುವುದು ಅಪರೂಪ. ಹಣ ಎಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಎರಡೂ ಬ್ಯಾಂಕುಗಳು ಒಂದರ ಕಡೆ ಇನ್ನೊಂದು ಕೈ ತೋರಿಸುತ್ತಲೇ ಇರುತ್ತವೆ.

ಆ ಹಸಿರು ಗುರುತು ಏನು ಹೇಳುತ್ತದೆ ಎಂಬುದು ಮೊದಲು ತಿಳಿದಿರಬೇಕು. ಹಣ ಕಳಿಸಿದ ಬ್ಯಾಂಕಿನ ಲೆಕ್ಕದಲ್ಲಿ ‘ಯಶಸ್ವಿ’ ಎಂದರೆ, ಎದುರಿನ ಬ್ಯಾಂಕ್ ಆ ಹಣವನ್ನು ತಿರುಗಿಸಿ ಕಳಿಸಲಿಲ್ಲ ಎಂದಷ್ಟೆ. ಅಲ್ಲಿಂದ ಮುಂದೆ ಆ ಹಣವನ್ನು ಯಾವ ಕಾರ್ಡ್ ಖಾತೆಗೆ ಹಾಕಬೇಕು ಎಂದು ಹೊಂದಿಸುವುದು ಕಾರ್ಡ್ ಬ್ಯಾಂಕಿನ ಒಳಗಿನ ಕೆಲಸ. ಇಷ್ಟೊತ್ತಿಗೆ ಕಳಿಸಿದ ಬ್ಯಾಂಕಿನ ಪಾತ್ರ ಮುಗಿದಿರುತ್ತದೆ. ಹೊಂದಾಣಿಕೆಯಾಗದ ಹಣ ‘ಸಸ್ಪೆನ್ಸ್ ಖಾತೆ’ ಎಂಬ ತಾತ್ಕಾಲಿಕ ಖಾತೆಯಲ್ಲಿ ಕೂರುತ್ತದೆ. ಆಗ ಅದು ಕಳಿಸಿದವರ ಖಾತೆಯಲ್ಲೂ ಇಲ್ಲ, ಕಾರ್ಡಿನಲ್ಲೂ ಇಲ್ಲ.

ಈ ಪ್ರಕರಣದಲ್ಲಿ ಹಾಗೇಕಾಯಿತು ಎಂಬುದು ಪಾವತಿಯ ವಿವರ ತೆರೆದಾಗ ಕಣ್ಣಿಗೆ ಬಿತ್ತು. ಹಣ ಹೋದ ಕಾರ್ಡ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 4417. ಕೈಯಲ್ಲಿರುವ ಕಾರ್ಡಿನದು 9052. ಹಿಂದಿನ ತಿಂಗಳು ಕಾರ್ಡ್ ಕಳೆದುಹೋಗಿ ಹೊಸದು ಬಂದಿತ್ತು. ಆದರೆ ಬ್ಯಾಂಕ್ ಆ್ಯಪಿನಲ್ಲಿ ಸೇವ್ ಮಾಡಿಟ್ಟ ಬೆನಿಫಿಷಿಯರಿ ಹಳೆಯದೇ ಉಳಿದಿತ್ತು. ಪಟ್ಟಿಯಲ್ಲಿ ಅದು ‘ನನ್ನ ಕಾರ್ಡ್’ ಎಂಬ ಹೆಸರಿನಲ್ಲಿದ್ದುದರಿಂದ ಸಂಖ್ಯೆ ನೋಡುವ ಪ್ರಶ್ನೆಯೇ ಬರಲಿಲ್ಲ.

ತಪ್ಪು ಸಂಖ್ಯೆಯಾದರೆ ಸಿಸ್ಟಮ್ ತಡೆಯಬೇಕಿತ್ತಲ್ಲ ಎಂದು ಅನೇಕರು ಕೇಳುತ್ತಾರೆ. ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಒಂದು ತಪಾಸಣೆ ಅಂಕಿ. ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ, ಹಾಗಾಗಿ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಆ ಲೆಕ್ಕ ತಾಳೆಯಾಗುವುದಿಲ್ಲ. ಹಳೆಯ ಕಾರ್ಡಿನ ಸಂಖ್ಯೆಯಲ್ಲಿ ಅಂಥ ತಪ್ಪೇನೂ ಇಲ್ಲ. ರಚನೆಯಲ್ಲಿ ಅದು ಸರಿಯಾದದ್ದೇ, ಮುಚ್ಚಿಹೋಗಿದೆ ಅಷ್ಟೆ. ಅದನ್ನು ಈ ತಪಾಸಣೆ ಹಿಡಿಯಲಾರದು. ಕೆಲವು ಬ್ಯಾಂಕುಗಳು ಹಳೆಯ ಸಂಖ್ಯೆಗೆ ಬಂದ ಹಣವನ್ನು ತಾವಾಗಿ ಹೊಸ ಕಾರ್ಡಿಗೆ ಹೊರಳಿಸುತ್ತವೆ, ಕೆಲವು ಹೊರಳಿಸುವುದಿಲ್ಲ. ಹೋದ ಸಲ ಸರಿಹೋಯಿತು ಎಂಬುದನ್ನು ನೆಚ್ಚಿಕೊಳ್ಳುವುದು ಅಪಾಯ.

ಹುಡುಕಾಟಕ್ಕೆ ಬೇಕಾದದ್ದು ರೆಫರೆನ್ಸ್ ನಂಬರ್. ಮೆಸೇಜಿನ ಸ್ಕ್ರೀನ್‌ಶಾಟ್ ಸಾಲದು. ಖಾತೆಯ ಸ್ಟೇಟ್‌ಮೆಂಟನ್ನು ಪಿಡಿಎಫ್ ಆಗಿ ಇಳಿಸಿಕೊಂಡರೆ ಕಡಿತದ ಸಾಲಿನಲ್ಲಿ ತಾರೀಖು, ಮೊತ್ತ, ರೆಫರೆನ್ಸ್ ನಂಬರ್ ಮೂರೂ ಒಟ್ಟಿಗೆ ಸಿಗುತ್ತವೆ. ಹಣ ಕಳಿಸಿದ ಬ್ಯಾಂಕಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಈ ನಂಬರಿನ ಹಣ ಎದುರಿನ ಬ್ಯಾಂಕಿಗೆ ಜಮೆಯಾಗಿದೆಯೇ, ಅಥವಾ ವಾಪಸ್ ಬಂದಿದೆಯೇ? ಜಮೆಯಾಗಿದೆ ಎಂಬ ಉತ್ತರ ಲಿಖಿತವಾಗಿ ಕೈಗೆ ಬಂದ ಮೇಲೆ ಆ ಬ್ಯಾಂಕನ್ನು ಬಿಟ್ಟುಬಿಡಬಹುದು. ಮುಂದಿನ ಮಾತೆಲ್ಲ ಕಾರ್ಡ್ ಬ್ಯಾಂಕಿನ ಜೊತೆ. ಅದರ ಸಹಾಯವಾಣಿ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಬೇಕು. ಇಂಥ ಗಾಬರಿಯ ಹೊತ್ತಿನಲ್ಲಿ ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಕಲಿ ನಂಬರಿಗೆ ಫೋನ್ ಮಾಡಿ ಒಟಿಪಿ ಕೊಟ್ಟವರಿದ್ದಾರೆ.

ಇಲ್ಲಿ 25ಕ್ಕೇ ದೂರು ದಾಖಲಾಯಿತು, 27ಕ್ಕೆ ಹಣ ಹೊಸ ಕಾರ್ಡಿಗೆ ಜಮೆಯಾಯಿತು, ಕೇಳಿದ ಮೇಲೆ ಲೇಟ್ ಫೀ ರಿವರ್ಸ್ ಆಯಿತು. ಕಾರ್ಡ್‌ದಾರರು ಸಮಾಧಾನಪಟ್ಟುಕೊಂಡು ಸುಮ್ಮನಾದರು. ಎಡವಿದ್ದು ಅಲ್ಲೇ.

ಮುಂದಿನ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಬಂತು. ಜಮೆ 27ಕ್ಕೆ ಬಿದ್ದದ್ದರಿಂದ ಸಿಸ್ಟಮಿನ ಪ್ರಕಾರ ಡ್ಯೂ ಡೇಟಿಗೆ ಬಿಲ್ ಕಟ್ಟಿಲ್ಲ. ಹಾಗೆ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯ ಸೌಲಭ್ಯ ಹೋಗುತ್ತದೆ, ಅನೇಕ ಕಾರ್ಡುಗಳಲ್ಲಿ ಬಡ್ಡಿಯ ಲೆಕ್ಕ ಡ್ಯೂ ಡೇಟಿನಿಂದಲ್ಲ, ಖರೀದಿಯ ದಿನದಿಂದಲೇ ಶುರುವಾಗುತ್ತದೆ. ಬಿಲ್ಲಿನಲ್ಲಿದ್ದ ಒಂದು ಖರೀದಿಯನ್ನೇ ನೋಡಿ. ಹಿಂದಿನ ತಿಂಗಳು 8ಕ್ಕೆ ಮಾಡಿದ್ದು, ಮೊತ್ತ 12,000. ಅದು 30 ದಿನದ ತಿಂಗಳು. 8ರಿಂದ ಈ ತಿಂಗಳ 27ರವರೆಗೆ 49 ದಿನ. ವಾರ್ಷಿಕ ಬಡ್ಡಿ ದರ 36.5 ಶೇಕಡ ಎಂದರೆ ದಿನಕ್ಕೆ 0.1 ಶೇಕಡ, ಅಂದರೆ ದಿನಕ್ಕೆ 12. ಒಟ್ಟು 588. ಒಂದೇ ಖರೀದಿಗೆ ಇಷ್ಟು, ಉಳಿದ 12,600ರ ಖರೀದಿಗಳಿಗೆ ಬೇರೆ. ಎಲ್ಲ ಸೇರಿಸಿದರೆ ರದ್ದಾದ ಲೇಟ್ ಫೀಗಿಂತ ದೊಡ್ಡ ಮೊತ್ತವೇ ಆಗಬಹುದು, ಅದೂ ಒಂದು ತಿಂಗಳು ತಡವಾಗಿ, ಯಾರೂ ನಿರೀಕ್ಷಿಸದ ಸಾಲಿನಲ್ಲಿ.

ಆದ್ದರಿಂದ ದೂರಿನಲ್ಲಿ ‘ಲೇಟ್ ಫೀ ತೆಗೆಯಿರಿ’ ಎಂದಷ್ಟೇ ಬರೆದರೆ ಸಾಲದು. ಫೀ ತೆಗೆಯುವುದು ಕೌಂಟರಿನ ಸಿಬ್ಬಂದಿ ಒಂದು ಸೌಜನ್ಯವಾಗಿಯೂ ಮಾಡಬಹುದಾದ ಕೆಲಸ, ಜಮೆಯ ತಾರೀಖು ಅದರಿಂದ ಬದಲಾಗುವುದಿಲ್ಲ. ಕೇಳಬೇಕಾದದ್ದು ಹಿಂದಿನ ಮೌಲ್ಯ ದಿನಾಂಕ, ಬ್ಯಾಂಕಿನವರು ‘ವ್ಯಾಲ್ಯೂ ಡೇಟ್’ ಎನ್ನುವುದು, ಅಂದರೆ ಹಣ ಜಮೆಯಾಯಿತೆಂದು ಲೆಕ್ಕಕ್ಕೆ ಹಿಡಿಯುವ ದಿನ. ಅದು 19ಕ್ಕೆ ಸರಿದರೆ ಬಿಲ್ ಸಕಾಲಕ್ಕೆ ಕಟ್ಟಿದಂತಾಗುತ್ತದೆ, ಬಡ್ಡಿಗೆ ಬುಡವೇ ಇರುವುದಿಲ್ಲ. ಬರಹ ಇಷ್ಟಿದ್ದರೆ ಸಾಕು:

“19ನೇ ತಾರೀಖು 24,600 ಪಾವತಿಸಿದ್ದೇನೆ, ರೆಫರೆನ್ಸ್ ನಂಬರ್ ಇದು. ಹಣ 4417ಕ್ಕೆ ಕೊನೆಗೊಳ್ಳುವ ನನ್ನದೇ ಹಳೆಯ ಕಾರ್ಡ್ ಸಂಖ್ಯೆಗೆ ಬಂದಿದೆ. ಅದನ್ನು 9052ಕ್ಕೆ ಕೊನೆಗೊಳ್ಳುವ ಕಾರ್ಡಿಗೆ 19ರ ವ್ಯಾಲ್ಯೂ ಡೇಟ್‌ನಿಂದ ಜಮೆ ಮಾಡಿ. ಲೇಟ್ ಫೀ, ಬಡ್ಡಿ, ಇವುಗಳ ಮೇಲೆ ತೆರಿಗೆ ಹಾಕಿದ್ದರೆ ಅದನ್ನೂ ರಿವರ್ಸ್ ಮಾಡಿ. ಬಾಕಿ ಉಳಿಸಿಕೊಂಡವರೆಂದು ಕ್ರೆಡಿಟ್ ಬ್ಯೂರೋಗೆ ವರದಿ ಹೋಗಿದ್ದರೆ ತಿದ್ದಿಸಿ.”

ಪೂರ್ತಿ ಕಾರ್ಡ್ ಸಂಖ್ಯೆಯನ್ನು ಮೇಲ್‌ನಲ್ಲಿ ಬರೆಯುವ ಅಗತ್ಯವಿಲ್ಲ. ಹಳೆಯ ಸಂಖ್ಯೆಗೆ ಕಳಿಸಿದ್ದು ಕಾರ್ಡ್‌ದಾರರೇ ಆದ್ದರಿಂದ ತಾರೀಖು ಹಿಂದೆ ಸರಿಸಲು ಬ್ಯಾಂಕ್ ಹಿಂದೇಟು ಹಾಕಬಹುದು. ಆದರೆ 19ರಿಂದ ಆ ಹಣ ಬ್ಯಾಂಕಿನ ಕೈಯಲ್ಲೇ ಇತ್ತು ಎಂಬುದಕ್ಕೆ ಕಳಿಸಿದ ಬ್ಯಾಂಕಿನ ಆ ಲಿಖಿತ ಉತ್ತರವೇ ಸಾಕ್ಷಿ, ಅದನ್ನು ದೂರಿಗೆ ಲಗತ್ತಿಸಬೇಕು. ಇಲ್ಲಿ ಅದನ್ನು ತೋರಿಸಿ ಎರಡನೇ ಸಲ ಬರೆದ ಮೇಲೆಯೇ ಬಡ್ಡಿ ವಾಪಸ್ ಬಂತು.

ಇದೇ ಗೊಂದಲ ಡ್ಯೂ ಡೇಟಿಗೆ ಮೊದಲೇ ಕಣ್ಣಿಗೆ ಬಿದ್ದರೆ ಕೈಯಲ್ಲಿ ಇನ್ನೊಂದು ದಾರಿ ಇರುತ್ತದೆ. ಕಳೆದ ಹಣಕ್ಕಾಗಿ ಕಾಯುತ್ತ ಕೂರದೆ, ಕಾರ್ಡ್ ಬ್ಯಾಂಕಿನ ಆ್ಯಪಿನಿಂದಲೇ ಮಿನಿಮಮ್ ಡ್ಯೂ ಕಟ್ಟಿಬಿಡುವುದು. ಈ ಬಿಲ್ಲಿಗೆ ಅದು 1,230 ಇತ್ತು. ಅಷ್ಟು ಬಿದ್ದರೆ ಲೇಟ್ ಫೀ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಪೂರ್ತಿ ಮೊತ್ತ ಇನ್ನೊಮ್ಮೆ ಕಟ್ಟುವ ಅನುಕೂಲವಿದ್ದರೆ ಎರಡೂ ತಪ್ಪುತ್ತವೆ. ಮೊದಲ ಹಣ ಬಂದು ಸೇರಿದಾಗ ಹೆಚ್ಚಿನದು ಕಾರ್ಡಿನಲ್ಲಿ ಮುಂಗಡವಾಗಿ ನಿಲ್ಲುತ್ತದೆ, ವಾಪಸ್ ಕೇಳಿ ಪಡೆಯಬಹುದು.

ಕಾರ್ಡ್ ಬದಲಾದ ದಿನವೇ ಹಳೆಯ ಬೆನಿಫಿಷಿಯರಿಯನ್ನು ಅಳಿಸಿ ಹೊಸ ಸಂಖ್ಯೆ ಸೇರಿಸುವುದು ಐದು ನಿಮಿಷದ ಕೆಲಸ. ಹೆಸರಿನ ಜಾಗದಲ್ಲಿ ‘ನನ್ನ ಕಾರ್ಡ್’ ಎಂದು ಬರೆಯುವ ಬದಲು ‘ಕಾರ್ಡ್ 9052’ ಎಂದು ಬರೆದರೆ ಪ್ರತಿ ಸಲ ಕಳಿಸುವಾಗಲೂ ಕೊನೆಯ ಅಂಕಿಗಳು ಕಣ್ಣಿಗೆ ಬೀಳುತ್ತವೆ. ಮೊದಲ ಸಲ ಸಣ್ಣ ಮೊತ್ತ ಕಳಿಸಿ, ಅದು ಕಾರ್ಡ್ ಆ್ಯಪಿನ ವಹಿವಾಟು ಪಟ್ಟಿಯಲ್ಲಿ ಕಾಣಿಸಿದ ಮೇಲೆ ಉಳಿದದ್ದನ್ನು ಕಳಿಸಬೇಕು. ಇದಕ್ಕೆಲ್ಲ ಡ್ಯೂ ಡೇಟಿಗಿಂತ ನಾಲ್ಕೈದು ದಿನ ಮೊದಲೇ ಕೈ ಹಾಕಬೇಕು. ಎರಡು ದಿನದ ಅಂತರದಲ್ಲಿ ರಜೆಯೊಂದು ಅಡ್ಡ ಬಂದರೆ ಹುಡುಕಾಟಕ್ಕೆ ಸಮಯವೇ ಉಳಿಯುವುದಿಲ್ಲ.