ಕೋಲ್ಡ್ ಫ್ರಂಟ್ ಹಿಡಿಯುವ ಸ್ಕ್ರಿಪ್ಟ್: ಉಷ್ಣಾಂಶವನ್ನು ನಂಬಬೇಡಿ

ಕೊನೆಗೂ ಸಿಕ್ಕಿತು. ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದ ಮೆಟಾರ್ ಎಂಬ ಹವಾಮಾನ ವರದಿ ಓದಿ, ಬೆಚ್ಚನೆ ಗಾಳಿಯನ್ನು ತಳ್ಳಿ ನುಗ್ಗುವ ತಣ್ಣನೆ ಗಾಳಿಯ ಅಂಚು, ಅಂದರೆ ಕೋಲ್ಡ್ ಫ್ರಂಟ್, ದಾಟಿದ್ದನ್ನು ಸ್ಕ್ರಿಪ್ಟ್ ಈಗ ಸರಿಯಾಗಿ ಹೇಳುತ್ತಿದೆ. ಕಾರವಾರದಲ್ಲಿ ಕೂತು ಅಟ್ಲಾಂಟಿಕ್ ಹವೆ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಇಲ್ಲಿ ಫ್ರಂಟ್ ಬರೋದೇ ಇಲ್ಲವಲ್ಲ, ಅದಕ್ಕೇ!

ತಲೆ ತಿಂದದ್ದು ಉಷ್ಣಾಂಶ. ಗಂಟೆಯಲ್ಲಿ ಮೂರು ಡಿಗ್ರಿ ಇಳಿದರೆ ಫ್ರಂಟ್ ಅನ್ನುವ ನಿಯಮ ನಿಜವಾದ ಫ್ರಂಟನ್ನು ಬಿಟ್ಟು, ಅದರ ಹಿಂದೆ ಬರುವ ಬಿಡಿ ಮಳೆಗಳಿಗೆಲ್ಲ ಕೂಗುತ್ತಿತ್ತು. ಪರೀಕ್ಷೆಗೆಂದು ನಾನೇ ಬರೆದುಕೊಂಡ ಈ ಎರಡು ಸಾಲು ನೋಡಿ:

```
EINN 141100Z 20018KT 4000 RA BKN008 12/11 Q0994
EINN 141200Z 29020G32KT 9999 SCT025 10/05 Q0997
```

ಉಷ್ಣಾಂಶ 12ರಿಂದ 10ಕ್ಕೆ, ಇಳಿದದ್ದು ಎರಡೇ ಡಿಗ್ರಿ. ಧ್ರುವದ ಕಡೆಯ ತಣ್ಣನೆ ಗಾಳಿ ಸಾಗರದ ಮೇಲೆ ಬರುವಾಗ ತಳದಿಂದ ಬೆಚ್ಚಗಾಗಿರುತ್ತದೆ. ಜೊತೆಗೆ ಮೋಡ ಹರಿದು ಬಿಸಿಲು ಬಿದ್ದರೆ ವ್ಯತ್ಯಾಸ ಇನ್ನೂ ಮುಚ್ಚಿಹೋಗುತ್ತದೆ. ಆದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ, ಅಂದರೆ ಡ್ಯೂ ಪಾಯಿಂಟ್, 11ರಿಂದ 5ಕ್ಕೆ ಬಿದ್ದಿದೆ. ಬೆಚ್ಚನೆಯ ತೇವದ ಗಾಳಿ ಹೋಗಿ ಬೇರೆಯದೇ ಗಾಳಿ ಬಂತು ಅನ್ನೋದಕ್ಕೆ ಅದೇ ಸಾಕ್ಷಿ. ಗಾಳಿಯ ದಿಕ್ಕೂ ಗಡಿಯಾರದ ಮುಳ್ಳಿನಂತೆ 200ರಿಂದ 290ಕ್ಕೆ ತಿರುಗಿದೆ, ಅಲ್ಲಿಯವರೆಗೆ ಇಳಿಯುತ್ತಿದ್ದ ಒತ್ತಡ ಏರತೊಡಗಿದೆ.

ಈಗಿನ ನಿಯಮಕ್ಕೆ ಈ ಮೂರೂ ಬೇಕು. ಡ್ಯೂ ಪಾಯಿಂಟ್ ಮೂರು ಗಂಟೆ ಕೆಳಗೇ ಉಳಿಯಬೇಕು. ಬಿಡಿ ಮಳೆ ಬಂದಾಗ ಉಷ್ಣಾಂಶ ಧಡಕ್ಕನೆ ಇಳಿದರೂ ಡ್ಯೂ ಪಾಯಿಂಟ್ ಅಷ್ಟು ಅಲ್ಲಾಡುವುದಿಲ್ಲ, ಒತ್ತಡ ಮೊದಲೇ ಏರುತ್ತಿರುತ್ತದೆ. ಹಾಗಾಗಿ ಸುಳ್ಳು ಕೂಗು ನಿಂತಿತು. ಫ್ರಂಟ್ ದಾಟಿ ಮೂರು ಗಂಟೆಯಾದ ಮೇಲೆ ಸುದ್ದಿ ಬರುತ್ತದೆ, ಇರಲಿ. ಆಕ್ಲೂಡೆಡ್ ಫ್ರಂಟ್ ಮಾತ್ರ ಇನ್ನೂ ತಪ್ಪಿಸಿಕೊಳ್ಳುತ್ತದೆ. ಅಲ್ಲಿ ಬೆಚ್ಚನೆ ಗಾಳಿ ನೆಲ ಬಿಟ್ಟು ಮೇಲೆ ಹೋಗಿರುವುದರಿಂದ ಕೆಳಗೆ ಎರಡೂ ಕಡೆ ತಣ್ಣನೆ ಗಾಳಿಯೇ.

ಬಾಲ್ಕನಿ ಸೆನ್ಸರ್‌ಗೂ ಇದನ್ನೇ ಹಚ್ಚಿದೆ. ಹಳೇ ನಿಯಮದ ಪ್ರಕಾರ ಚಳಿಗಾಲದಲ್ಲಿ ಕಾರವಾರಕ್ಕೆ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಕೋಲ್ಡ್ ಫ್ರಂಟ್! ಅದು ನಮ್ಮ ಕಡಲ ಗಾಳಿ. ಗುಡ್ಡದ ಕಡೆಯ ಒಣ ಗಾಳಿ ನಿಂತು ಪಶ್ಚಿಮದ್ದು ಬಂದಾಗ ಸೆಕೆ ಇಳಿಯುತ್ತದೆ, ಡ್ಯೂ ಪಾಯಿಂಟ್ ಏರುತ್ತದೆ. ಒತ್ತಡವೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ದಿನದ ಲೆಕ್ಕಕ್ಕೆ ಇಳಿಯುತ್ತಲೇ ಇರುತ್ತದೆ. ಹೊಸ ನಿಯಮ ಸುಮ್ನೆ ಕೂತಿದೆ.

ಮೊದಲ ಸಲ ಸೆನ್ಸರ್ ಕಳಿಸಿದವರಿಗೊಂದು ದೊಡ್ಡ ನಮಸ್ಕಾರ. ತೇವಾಂಶವನ್ನೂ ಅಳೆಯುವ BME280 ಅಂತ ದುಡ್ಡು ತಗೊಂಡು BMP280 ಕಳಿಸಿದ್ದರು. ಅದು ತೇವಾಂಶ ಅಳೆಯುವುದೇ ಇಲ್ಲ, ಡ್ಯೂ ಪಾಯಿಂಟ್ ಎಲ್ಲಿಂದ ತರೋದು? ಪಾರ್ಸೆಲ್ ಬಂದ ಕೂಡಲೇ ಚಿಪ್ ಐಡಿ ಓದಿ: `0x60` ಬಂದರೆ ಸರಿ, `0x58` ಬಂದರೆ ವಾಪಸ್.

ಮುಂದಿನದು ಫಿಶ್ ಟ್ಯಾಂಕ್‌ನಲ್ಲಿ ಫ್ರಂಟ್. ನಡುವೆ ತಡೆಹಲಗೆ, ಒಂದು ಕಡೆ ತಣ್ಣನೆ ಗಾಳಿಯ ಬದಲಿಗೆ ಬಣ್ಣದ ಉಪ್ಪುನೀರು. ಹಲಗೆ ಎಳೆದರೆ ಉಪ್ಪುನೀರು ತಳದಲ್ಲಿ ನುಗ್ಗುತ್ತದೆ, ಆದರೆ ಕೊನೆಗೆ ಚಪ್ಪಟೆಯಾಗಿ ಹರಡಿಬಿಡುತ್ತದೆ. ಫ್ರಂಟಿನ ಇಳಿಜಾರನ್ನು ಹಿಡಿದು ನಿಲ್ಲಿಸುವುದು ಭೂಮಿಯ ತಿರುಗುವಿಕೆ. ಹಾಗಾಗಿ ಟ್ಯಾಂಕನ್ನೂ ತಿರುಗಿಸಬೇಕು. ನಿಧಾನಕ್ಕೆ, ಒಂದೇ ಸಮನೆ ತಿರುಗುವ ಮೋಟಾರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.