ಮೂರೂವರೆಗೆ ಮೊದಲೇ ಗೆರೆ ದಾಟಿದ ಷೇರು

ನಮ್ಮದು ಚನ್ನಗಿರಿಯಲ್ಲಿ ಪೈಪು, ಫಿಟ್ಟಿಂಗ್ಸ್ ಅಂಗಡಿ. ಬೇಸಿಗೆಯಲ್ಲಿ ಊಟಕ್ಕೂ ಬಿಡುವಿರೋದಿಲ್ಲ, ತೋಟದವರು ಒಬ್ಬರಾದ ಮೇಲೆ ಒಬ್ಬರು ಬರುತ್ತಲೇ ಇರುತ್ತಾರೆ. ಮಳೆ ಹಿಡಿದ ಮೇಲೆ ಪೈಪು ಕೇಳುವವರು ಯಾರು? ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ ಒಂದು ಎಲ್ಬೋ, ಒಂದು ಡಬ್ಬಿ ಸಾಲ್ವೆಂಟ್ ಹೋದರೆ ಜಾಸ್ತಿ. ಆ ಹೊತ್ತಿನಲ್ಲಿ ಕೂತು ನಾನು ಷೇರುಗಳ ಚಾರ್ಟ್ ನೋಡೋದು ಕಲಿತೆ. ಒಂದು ದಿನಕ್ಕೆ ಒಂದು ಕ್ಯಾಂಡಲ್ ಬೀಳುವ ಚಾರ್ಟ್ ಮಾತ್ರ. ಕ್ಯಾಂಡಲಿನ ಮೈ ಅಂದರೆ ಆ ದಿನ ಶುರುವಾದ ಬೆಲೆಯಿಂದ ಮುಚ್ಚಿದ ಬೆಲೆಯವರೆಗೆ, ಬತ್ತಿ ಅಂದರೆ ಅದರಾಚೆ ಮುಟ್ಟಿ ವಾಪಸ್ ಬಂದ ಬೆಲೆ. ನೋಡಿದ್ದನ್ನು ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದೆ.

ಒಂದು ಕಂಪನಿಯ ಷೇರನ್ನು ಹನ್ನೊಂದು ವಾರ ಹೀಗೆ ನೋಡಿದೆ. ಹೆಸರು ಬೇಡ, ಕಂಪನಿಯದೇನೂ ತಪ್ಪಿಲ್ಲ. ಬೆಲೆ 412ಕ್ಕೆ ಇಳಿಯುತ್ತಿತ್ತು, 450ರ ಹತ್ತಿರ ಹೋಗಿ ವಾಪಸ್ ಬರುತ್ತಿತ್ತು. ಮೂರು ಸಲ 450ಕ್ಕೆ ತಲೆ ತಾಗಿಸಿತ್ತು. ನಾನು ಅಲ್ಲೊಂದು ಅಡ್ಡಗೆರೆ ಎಳೆದಿದ್ದೆ. ಇಂಥ ಗೆರೆಯನ್ನು ಬೆಲೆ ದಾಟಿ ಮೇಲೆ ಹೋದರೆ ಅದಕ್ಕೆ ಬ್ರೇಕ್‌ಔಟ್ ಅನ್ನುತ್ತಾರೆ. ಅದಕ್ಕಾಗಿಯೇ ಕಾಯುತ್ತಿದ್ದೆ, ಅಥವಾ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ.

ಆಗಸ್ಟ್‌ನ ಒಂದು ಮಂಗಳವಾರ, ಮಧ್ಯಾಹ್ನ 2:10. ಹೊರಗೆ ಜಡಿಮಳೆ. ಬೆಲೆ 450 ದಾಟಿತು, 453, 455. ಎದೆ ಡವಡವ ಅಂತಿತ್ತು. 456ಕ್ಕೆ 100 ಷೇರು ತಗೊಂಡೆ. 45,600 ರೂಪಾಯಿ. ಆ ದುಡ್ಡು ತಿಂಗಳ ಕೊನೆಗೆ ಪೈಪಿನ ಡಿಸ್ಟ್ರಿಬ್ಯೂಟರಿಗೆ ಕಟ್ಟಬೇಕಾಗಿದ್ದದ್ದು. ಎರಡು ವಾರ ಇದೆಯಲ್ಲ ಅಂತ ಹಾಕಿಬಿಟ್ಟೆ. ಸ್ಟಾಪ್ ಲಾಸ್ ಹಾಕಲಿಲ್ಲ, ಅಂದರೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅನ್ನುವ ಆರ್ಡರು.

ಬೆಲೆ 459 ಮುಟ್ಟಿತು. ಅಷ್ಟರಲ್ಲಿ ಒಬ್ಬರು ಮೋಟಾರಿನ ಫುಟ್ ವಾಲ್ವ್ ಕೇಳಿಕೊಂಡು ಬಂದರು. ಹುಡುಕಿ ಕೊಟ್ಟು ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು, ಬೆಲೆ 451. ಮೂರೂವರೆಗೆ ಮಾರ್ಕೆಟ್ ಮುಚ್ಚುವಾಗ 447. ಚಾರ್ಟಿನಲ್ಲಿ ಆ ದಿನದ ಕ್ಯಾಂಡಲ್ ನೋಡಿದರೆ ಮೈ ಗೆರೆಯ ಕೆಳಗೇ ಇತ್ತು, ಬರೀ ತೆಳ್ಳಗಿನ ಬತ್ತಿ ಮಾತ್ರ ಗೆರೆ ದಾಟಿ ಮೇಲೆ ನಿಂತಿತ್ತು. ನಾನು ಕೊಂಡಿದ್ದು ಆ ಬತ್ತಿಯ ಮೇಲೆ.

ಮರುದಿನ 441ಕ್ಕೆ ಶುರುವಾಯಿತು. ಆಮೇಲೆ ದಿನಾ ಎರಡು, ಮೂರು ರೂಪಾಯಿ ಇಳೀತಾ ಹೋಯಿತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಇಟ್ಟುಕೊಂಡೆ. ಡಿಸ್ಟ್ರಿಬ್ಯೂಟರ್ ಫೋನ್ ಮಾಡಿದ ದಿನ ಬೇರೆ ದಾರಿ ಇರಲಿಲ್ಲ, 427ಕ್ಕೆ ಮಾರಿದೆ. 2,900 ರೂಪಾಯಿ ಹೋಯಿತು, ಖರ್ಚು ಬೇರೆ. ನಮ್ಮಂಥ ಅಂಗಡಿಗೆ ಮಳೆಗಾಲದಲ್ಲಿ ಅದು ಸಣ್ಣ ಮೊತ್ತವಲ್ಲ.

ಯಾಕೆ ಹೀಗಾಯಿತು ಅನ್ನೋದು ನನಗೆ ಅರ್ಥವಾಗಿದ್ದು ಅಡಿಕೆಯಿಂದ. ನಮ್ಮ ದೊಡ್ಡಪ್ಪ ತೋಟದವರು, ಸಂಜೆ ಅಂಗಡಿ ಬೆಂಚಿನ ಮೇಲೆ ಬಂದು ಕೂರುತ್ತಾರೆ. ಅವರಿಗೆ ಷೇರಿನ ಗಂಧಗಾಳಿ ಇಲ್ಲ. ನಾನು ಗೆರೆ ತೋರಿಸಿ ಹೇಳಿದಾಗ ಅವರು ಅಂದರು, "ಅಲ್ಲೋ ತಮ್ಮಾ, ರಾಶಿ ಅಡಿಕೆ ಕ್ವಿಂಟಾಲಿಗೆ ಇಂತಿಷ್ಟು ಆದ ದಿನ ಕೊಡ್ತೀನಿ ಅಂತ ಮನೇಲಿ ಮೂಟೆ ಇಟ್ಟುಕೊಂಡವರು ಎಷ್ಟು ಜನ ಇದಾರೆ! ರೇಟು ಅಲ್ಲಿಗೆ ಬಂದ್ರೆ ಎಲ್ಲರೂ ಒಟ್ಟಿಗೆ ಮಂಡಿಗೆ ಹಾಕ್ತಾರೆ. ಕೊಳ್ಳೋರು ಅಷ್ಟು ಜನ ಇಲ್ದಿದ್ರೆ ರೇಟು ನಿಲ್ಲುತ್ತೇನೋ?"

450ರಲ್ಲೂ ಅದೇ ನಡೆದಿತ್ತು. ಹಿಂದಿನ ಮೂರು ಸಲ ಅಲ್ಲಿ ಕೊಂಡು ಸಿಕ್ಕಿಹಾಕಿಕೊಂಡವರು, ಅಸಲು ಬಂದರೆ ಸಾಕು ಅಂತ ಮಾರಲು ಕೂತಿರುತ್ತಾರೆ. ಇನ್ನೊಂದು ಕಡೆ, ಬೆಲೆ ಇಳಿಯುತ್ತೆ, ಆಮೇಲೆ ಕಡಿಮೆಗೆ ಕೊಂಡು ಲೆಕ್ಕ ಮುಗಿಸೋಣ ಅಂತ ಮೊದಲೇ ಮಾರಿಟ್ಟವರು ಇರುತ್ತಾರೆ. ಅವರ ಸ್ಟಾಪ್ ಲಾಸ್ ಉಲ್ಟಾ, ಇಷ್ಟಕ್ಕೆ ಏರಿದರೆ ಕೊಂಡುಬಿಡು ಅನ್ನುವ ಆರ್ಡರು, ಅವು ಗೆರೆಯ ಸ್ವಲ್ಪ ಮೇಲೆ ಇರುತ್ತವೆ. ಬೆಲೆ 450 ದಾಟಿದ ತಕ್ಷಣ ಆ ಆರ್ಡರುಗಳು ತಾವಾಗಿಯೇ ಕೊಳ್ಳುತ್ತವೆ, ನನ್ನಂಥವರೂ ಕೊಳ್ಳುತ್ತೇವೆ, ಬೆಲೆ ಐದಾರು ರೂಪಾಯಿ ಜಿಗಿಯುತ್ತೆ. ಅಷ್ಟು ಆರ್ಡರ್ ಖಾಲಿಯಾದ ಮೇಲೆ ಹೊಸದಾಗಿ ಕೊಳ್ಳುವವರು ಬೇಕಲ್ವಾ? ಅವರು ಬರಲಿಲ್ಲ ಅಂದರೆ ಮಾರುವವರೇ ಉಳಿಯುತ್ತಾರೆ.

ಕೊಳ್ಳುವವರು ನಿಜವಾಗಿ ಬಂದಿದ್ದಾರಾ ಅಂತ ಚಾರ್ಟಿನ ಕೆಳಗಿನ ವಾಲ್ಯೂಮ್ ಕಂಬ, ಅಂದರೆ ಆ ದಿನ ಎಷ್ಟು ಷೇರು ಕೈ ಬದಲಾಯಿಸಿದವು ಅನ್ನೋದು, ಸುಮಾರಾಗಿ ಹೇಳುತ್ತೆ. ಆ ಷೇರು ಅದಕ್ಕೆ ಹಿಂದಿನ 20 ದಿನಗಳಲ್ಲಿ ದಿನಕ್ಕೆ ಸರಾಸರಿ 4 ಲಕ್ಷ ಕೈ ಬದಲಾಯಿಸಿತ್ತು. ನಾನು ಕೊಂಡ ದಿನ ಮುಚ್ಚುವಾಗ ಆಗಿದ್ದದ್ದು 2.6 ಲಕ್ಷ. ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಮೊದಲ ಗಂಟೆ, ಕೊನೆಯ ಅರ್ಧ ಗಂಟೆ ವಹಿವಾಟು ಜಾಸ್ತಿ, ನಡು ಮಧ್ಯಾಹ್ನ ಕಡಿಮೆ. ನನ್ನ ಅಂಗಡಿ ಖಾಲಿ ಇರುವ ಹೊತ್ತಿಗೆ ಅಲ್ಲೂ ಜನ ಕಡಿಮೆ! ಆಗ ಸ್ವಲ್ಪ ಆರ್ಡರ್ ಬಂದರೂ ಬೆಲೆ ಗೆರೆ ದಾಟಿಬಿಡಬಹುದು. ಇದು ನನಗೆ ಕಣ್ಣ ಮುಂದೇ ಇತ್ತು, ನಾನು ಬೆಲೆ ಮಾತ್ರ ನೋಡಿದೆ.

ಆಮೇಲೆ ಒಂದು ವಾರ ಅದೇ ಷೇರಿನ ಎರಡು ವರ್ಷದ ಚಾರ್ಟ್ ಹಿಂದಕ್ಕೆ ಸರಿಸಿ, ಇಂಥ ಅಡ್ಡಗೆರೆಗಳನ್ನು ಎಳೆದು ಎಣಿಸಿದೆ. ಒಂಬತ್ತು ಸಲ ಹಗಲಲ್ಲಿ ಗೆರೆ ದಾಟಿತ್ತು. ಅದರಲ್ಲಿ ಐದು ಸಲ ಮುಚ್ಚುವಾಗ ಮತ್ತೆ ಕೆಳಗೇ ಇತ್ತು. ಗೆರೆಯ ಮೇಲೆ ಮುಚ್ಚಿದ ನಾಲ್ಕರಲ್ಲೂ ಒಂದು ಮೂರೇ ದಿನಕ್ಕೆ ವಾಪಸ್ ಬಿದ್ದಿತ್ತು. ಒಂಬತ್ತು ಸಲದ ಲೆಕ್ಕದಿಂದ ನಿಯಮ ಮಾಡೋಕೆ ಆಗಲ್ಲ, ಅದು ಗೊತ್ತು. ಆದರೆ 2:10ಕ್ಕೆ ನೋಡಿದ ಕ್ಯಾಂಡಲ್ ಇನ್ನೂ ಅರ್ಧ ಬೆಂದಿರುತ್ತೆ ಅನ್ನೋದು ನನ್ನ ಕೈಯಲ್ಲೇ ಬರೆದ ಹಾಳೆಯಲ್ಲಿ ಕಾಣುತ್ತಿತ್ತು. ಅಂಗಡಿಯ ವ್ಯಾಪಾರವನ್ನು ನಾನು ಯಾವತ್ತೂ ಎರಡು ಗಂಟೆಗೆ ಲೆಕ್ಕ ಹಾಕಿ ಮುಗಿಸಿದ್ದಿಲ್ಲ, ಶಟರ್ ಎಳೆದ ಮೇಲೆಯೇ ಗಲ್ಲಾ ಎಣಿಸೋದು.

ಈಗ ಮಾಡೋದು ಇಷ್ಟು. ಗೆರೆ ದಾಟಿದ ದಿನ ಕೊಳ್ಳೋದಿಲ್ಲ. ಮುಚ್ಚಿದ ಬೆಲೆ ಗೆರೆಯ ಮೇಲಿದ್ದು, ವಾಲ್ಯೂಮ್ 20 ದಿನದ ಸರಾಸರಿಗಿಂತ ಒಂದೂವರೆ ಪಟ್ಟಾದರೂ ಇದ್ದರೆ ಮಾತ್ರ ಪುಸ್ತಕದಲ್ಲಿ ಬರೆಯುತ್ತೇನೆ. ಆಮೇಲೆ ಬೆಲೆ ಆ ಗೆರೆಯ ಹತ್ತಿರಕ್ಕೆ ಇಳಿದು, ಅಲ್ಲೇ ನಿಂತು ಮತ್ತೆ ಮೇಲೆ ಹೊರಟರೆ ಕೊಳ್ಳುತ್ತೇನೆ. ಎಷ್ಟು ಷೇರು ಅನ್ನೋದಕ್ಕೂ ಲೆಕ್ಕ ಇದೆ. ಒಂದು ಸಲಕ್ಕೆ 600 ರೂಪಾಯಿಗಿಂತ ಜಾಸ್ತಿ ಹೋಗಬಾರದು. ಕೊಳ್ಳುವ ಬೆಲೆ 453, ಸ್ಟಾಪ್ ಲಾಸ್ 438 ಅಂದರೆ ಒಂದಕ್ಕೆ 15 ರೂಪಾಯಿ, ಹಾಗಾಗಿ 40 ಷೇರು. 100 ಅಲ್ಲ. ಬೆಳಿಗ್ಗೆ ಒಮ್ಮೊಮ್ಮೆ ಬೆಲೆ ಸ್ಟಾಪ್ ಲಾಸನ್ನೂ ಹಾರಿ ಕೆಳಗೆ ಶುರುವಾಗುತ್ತೆ, ಆಗ ಸ್ವಲ್ಪ ಜಾಸ್ತಿ ಹೋಗಬಹುದು. ಡಿಸ್ಟ್ರಿಬ್ಯೂಟರ್ ದುಡ್ಡಂತೂ ಮುಟ್ಟೋದಿಲ್ಲ.

ಈ ಕಾಯುವಿಕೆಗೂ ಬೆಲೆ ಇದೆ. ನವೆಂಬರಿನಲ್ಲಿ ಅದೇ ಷೇರು ಮತ್ತೆ 450 ದಾಟಿತು, ಈ ಸಲ 461ಕ್ಕೆ ಮುಚ್ಚಿತು, ವಾಲ್ಯೂಮ್ 9 ಲಕ್ಷ. ಪುಸ್ತಕದಲ್ಲಿ ಬರೆದೆ, 450ಕ್ಕೆ ಇಳಿಯಲಿ ಅಂತ ಕಾದೆ. ಇಳಿಯಲೇ ಇಲ್ಲ. ಮರುದಿನ 474ಕ್ಕೆ ಶುರುವಾಗಿ ತಿಂಗಳೊಳಗೆ 510 ಮುಟ್ಟಿತು. ನಿಜ ಹೇಳುತ್ತೇನೆ, ಎರಡು ದಿನ ತುಂಬಾ ಬೇಜಾರಾಯಿತು. 480ಕ್ಕೆ ಬಂದಾಗ ಬೆರಳು ಬೈ ಬಟನ್ ತನಕ ಹೋಗಿತ್ತು.

ಆಗ ದೊಡ್ಡಪ್ಪ ಬೆಂಚಿನ ಮೇಲಿದ್ದರು. "ತಗೊಂಡ್ಯಾ?" ಅಂತ ಕೇಳಿದರು.

"ಇಲ್ಲ ದೊಡ್ಡಪ್ಪ, ನನ್ನ ರೇಟಿಗೆ ಬರಲಿಲ್ಲ" ಅಂದೆ. ಅವರು ತಲೆ ಆಡಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು. ನಾನು ಪುಸ್ತಕದಲ್ಲಿ ಆ ದಿನದ ಸಾಲಿನ ಎದುರಿಗೆ "ಕೊಳ್ಳಲಿಲ್ಲ" ಅಂತ ಬರೆದು, ಹಾಳೆ ತಿರುಗಿಸಿ ಉದ್ರಿ ಲೆಕ್ಕ ನೋಡಲು ಕೂತೆ.