ಬಾಲದ ಬುಡದ ಫೋಟೊ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ನನ್ನ ತಮ್ಮ ವಾಟ್ಸಾಪಿನಲ್ಲಿ ತನ್ನ ನಾಯಿ ರಾಜನ ಒಂದು ಫೋಟೊ ಕಳಿಸಿದ. ಪರದೆ ತುಂಬ ಬೋಳು ಚರ್ಮ, ಸುತ್ತ ಕೆಂಪು ಅಂಚು. ಕೆಳಗೆ ಬರೆದಿದ್ದ: "ಅಕ್ಕ, ರಾಜನಿಗೆ ಹುಳುಕಡ್ಡಿ ಆಗಿದೆ. ಮನೇಲಿರೋ ಮುಲಾಮು ಹಚ್ಚಲಾ?"

ಪಶುವೈದ್ಯೆಯಾಗಿ ಇಂಥ ಫೋಟೊಗಳು ನನಗೆ ದಿನಾ ಬರುತ್ತವೆ. ಗುಂಡಗಿದ್ದರೆ ಫಂಗಸ್ ಎಂದು ಎಲ್ಲರೂ ನಂಬುತ್ತಾರೆ. ಆದರೆ ನಾಯಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಹೀಗೇ ಗುಂಡಗೆ, ಅಂಚಲ್ಲಿ ಸಿಪ್ಪೆ ಎದ್ದ ಹಾಗೆ ಕಾಣುತ್ತದೆ. ಕಲೆಯ ಆಕಾರಕ್ಕಿಂತ ಅದು ಮೈಮೇಲೆ ಎಲ್ಲಿದೆ ಎನ್ನುವುದೇ ನನಗೆ ಹೆಚ್ಚು ಹೇಳುತ್ತದೆ. ಅಷ್ಟು ಹತ್ತಿರದಿಂದ ತೆಗೆದ ಫೋಟೊದಲ್ಲಿ ಅದೇ ಇರಲಿಲ್ಲ.

"ಮುಲಾಮು ಬೇಡ. ಹಗಲು ಬೆಳಕಲ್ಲಿ ಇಡೀ ನಾಯಿ ಕಾಣೋ ಹಾಗೆ ತೆಗಿ. ಪಾದ, ಹೊಟ್ಟೆ, ಕಿವಿಯ ಒಳಗೂ ಬೇಕು" ಎಂದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು ಇಳಿಯುತ್ತದೆ, ಫಂಗಸ್ ಇದ್ದರೆ ಒಳಗೊಳಗೇ ಹರಡುತ್ತದೆ.

ಹೊಸ ಫೋಟೊಗಳು ಬಂದಾಗ ಚಿತ್ರ ತಿಳಿಯಾಯಿತು. ಕೂದಲು ಉದುರಿದ್ದು ಬಾಲದ ಬುಡದಲ್ಲಿ ಮತ್ತು ಹಿಂದೊಡೆಯ ಹಿಂಭಾಗದಲ್ಲಿ. ಅಲ್ಲಿ ಉಳಿದ ಕೂದಲು ಕಚ್ಚಿ ತುಂಡಾದ ಹಾಗಿತ್ತು. ಧೂಳು, ಪರಾಗದ ಅಲರ್ಜಿಯಾಗಿದ್ದರೆ ಸಾಮಾನ್ಯವಾಗಿ ಪಾದ ನೆಕ್ಕಿ ನೆಕ್ಕಿ ಕಂದಾಗಿರುತ್ತಿತ್ತು, ಕಂಕುಳು, ಕಿವಿ ಕೆಂಪಾಗಿರುತ್ತಿತ್ತು. ರಾಜನ ಪಾದ ಬೆಳ್ಳಗೇ ಇದ್ದವು. ಹುಳುಕಡ್ಡಿ ಹೆಚ್ಚಾಗಿ ಮುಖ, ಕಿವಿ, ಮುಂಗಾಲಲ್ಲಿ ಶುರುವಾಗುತ್ತದೆ, ತುರಿಕೆಯೂ ಅನೇಕ ಸಲ ಕಡಿಮೆ. ಇವನೋ ರಾತ್ರಿಯೆಲ್ಲ ಕಚ್ಚಿಕೊಳ್ಳುತ್ತಿದ್ದ. ಆದರೂ ಹುಳುಕಡ್ಡಿ ಮನುಷ್ಯರಿಗೆ ಅಂಟುವುದರಿಂದ ಕೇಳಿದೆ: "ಮಕ್ಕಳ ಕೈ, ಕುತ್ತಿಗೆ ಮೇಲೆ ಗುಂಡನೆ ಕಲೆ ಇದೆಯಾ?" ಇಲ್ಲ ಎಂದ.

ಹಾಗಾಗಿ ಚಿಗಟದ ಮೇಲೇ ನನ್ನ ಅನುಮಾನ. "ಚಿಗಟ ಒಂದೂ ಕಾಣಲ್ಲ ಅಕ್ಕ" ಎಂದು ತಮ್ಮ ವಾದಿಸಿದ. ಕಾಣದಿರುವುದು ಸಹಜ. ಚಿಗಟದ ಜೊಲ್ಲಿಗೇ ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತ ಸಾಕು. ಅದು ಕಚ್ಚಿ, ನೆಕ್ಕಿ ಚಿಗಟಗಳನ್ನು ನುಂಗಿಯೂ ಬಿಡುತ್ತದೆ. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಬೆನ್ನಿನ ಕೂದಲು ಬಾಚಲು ಹೇಳಿದೆ. ಉದುರಿದ ಕರಿ ಪುಡಿ ಐದು ನಿಮಿಷದಲ್ಲಿ ಕಂದುಗೆಂಪಾಗಿ ಹರಡಿತು. ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಬರೀ ಮಣ್ಣಾಗಿದ್ದರೆ ಆ ಕೆಂಪು ಬರುತ್ತಿರಲಿಲ್ಲ.

ಚಿಗಟ ಇದೆ ಎಂದಷ್ಟೇ ಅದರಿಂದ ಖಚಿತವಾಯಿತು. ಕಜ್ಜಿ ಹುಳವೋ ಬ್ಯಾಕ್ಟೀರಿಯಾವೋ ಜೊತೆಗಿದ್ದರೆ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಅದಕ್ಕೇ ಹತ್ತಿರದ ಪಶು ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಚರ್ಮ ಕೆರೆದು ನೋಡಿದರು, ಹುಳ ಸಿಗಲಿಲ್ಲ. ತೂಕ ನೋಡಿ ಚಿಗಟದ ಮಾತ್ರೆ ಕೊಟ್ಟರು.

ಮನೆಯ ಬೆಕ್ಕಿಗೂ ಬೆಕ್ಕಿನದೇ ಔಷಧ ಹಾಕಿಸು ಎಂದು ಎರಡೆರಡು ಸಲ ಹೇಳಿದೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಎಂಬ ಚಿಗಟದ ಔಷಧ ಬೆಕ್ಕಿನ ಜೀವಕ್ಕೇ ಅಪಾಯ. ರಾಜ ಮಲಗುವ ಗೋಣಿಯನ್ನು ಬಿಸಿನೀರಲ್ಲಿ ಒಗೆಸಿದೆ. ಮೂರನೇ ವಾರ ತಮ್ಮ ಗಾಬರಿಯಿಂದ ಫೋನ್ ಮಾಡಿದ, "ಮತ್ತೆ ಎರಡು ಚಿಗಟ ಸಿಕ್ತು!" ನೆಲದ ಸಂದಿಯಲ್ಲಿ ಗೂಡೊಳಗೆ ಬೆಳೆಯುತ್ತಿದ್ದ ಚಿಗಟಗಳು ಈಗ ಹೊರಬರುತ್ತಿವೆ, ಮಾತ್ರೆ ತಪ್ಪಿಸಬೇಡ ಎಂದೆ. ಆ ಸಂಜೆ ಬಂದ ಫೋಟೊದಲ್ಲಿ ಬಾಲದ ಬುಡಕ್ಕೆ ಸಣ್ಣ ಕೂದಲು ಮೂಡಿತ್ತು.